ಇಂಟರ್‌ವ್ಯೂ ಮುಗಿದಿದೆ, ಆಫರ್ ಬಂದಿಲ್ಲ: “ಎಷ್ಟು ಎಕ್ಸ್‌ಪೆಕ್ಟ್ ಮಾಡ್ತೀರಿ?” ಎಂದು ಫೋನ್ ಬಂದಾಗ

ನನ್ನ ಅಕ್ಕನ ಮಗಳು ಚಿಕ್ಕಮಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಳು. ಹಾಸನದ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸೀನಿಯರ್ ಅಕೌಂಟ್ಸ್ ಹುದ್ದೆಗೆ ಗುರುವಾರ ಇಂಟರ್‌ವ್ಯೂ ಕೊಟ್ಟು ಬಂದಳು. ಶನಿವಾರ ಬೆಳಿಗ್ಗೆ ಬೆಂಗಳೂರಿನ ಕನ್ಸಲ್ಟೆನ್ಸಿಯವರು ಫೋನ್ ಮಾಡಿದರು. “ಮೇಡಂ, ಪ್ಯಾನೆಲ್‌ನವರಿಗೆ ಇಷ್ಟ ಆಗಿದೆ. ನಿಮ್ಮ ಎಕ್ಸ್‌ಪೆಕ್ಟೇಶನ್ ಎಷ್ಟು ಅಂತ ಹೇಳಿಬಿಟ್ರೆ ಮುಂದಕ್ಕೆ ಕಳಿಸ್ತೀನಿ.” ಅವಳು “ಸರ್, ಆಫೀಸಲ್ಲಿದೀನಿ, ಸಂಜೆ ನಾನೇ ಮಾಡ್ತೀನಿ” ಎಂದು ಇಟ್ಟು, ನನಗೆ ಫೋನ್ ಮಾಡಿದಳು. “ಮಾಮ, ಏನು ಹೇಳ್ಲಿ?”

ಹಾಸನದ ಒಂದು ಫ್ಯಾಕ್ಟರಿಯ ಎಚ್‌ಆರ್ ವಿಭಾಗದಲ್ಲಿ ನಾನು ಬಹಳ ವರ್ಷ ಇಂಥ ಫೈಲುಗಳನ್ನು ಕಳಿಸಿದವನು. ಆ ಕಡೆಯ ಮೇಜಿನ ಮೇಲೆ ನಿಮ್ಮ ಉತ್ತರ ಏನಾಗುತ್ತದೆ ಎಂದು ಕಂಡಿದ್ದೇನೆ. ಆವತ್ತು ಅವಳೊಂದಿಗೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಡುತ್ತೇನೆ.

ಆ ಕಡೆ ಏನು ನಡೆಯುತ್ತಿರುತ್ತದೆ

ಇಂಟರ್‌ವ್ಯೂ ಆದಮೇಲೆ ಈ ಪ್ರಶ್ನೆ ಬಂದರೆ, ಸಾಮಾನ್ಯವಾಗಿ ನಿಮ್ಮ ಹೆಸರು ಉಳಿದ ಒಂದಿಬ್ಬರ ಪಟ್ಟಿಯಲ್ಲಿದೆ ಎಂದೇ ಅರ್ಥ. ಈಗ ಎಚ್‌ಆರ್‌ನವರು ಒಂದು ಅಪ್ರೂವಲ್ ನೋಟ್ ಬರೆಯಬೇಕು. ಅದರಲ್ಲಿ ಅಕ್ಕಪಕ್ಕ ಮೂರು ಕಾಲಂ: ಈಗಿನ ಸಿಟಿಸಿ, ಕೇಳುತ್ತಿರುವ ಸಿಟಿಸಿ, ಕೊಡಬಹುದೆಂದು ನಾವು ಸೂಚಿಸುವ ಸಿಟಿಸಿ. ಆ ನೋಟ್ ಪ್ಲಾಂಟ್ ಹೆಡ್‌ಗೆ, ಅಲ್ಲಿಂದ ಫೈನಾನ್ಸ್‌ಗೆ ಹೋಗುತ್ತದೆ. ಎರಡನೇ ಕಾಲಂ ಖಾಲಿ ಇದ್ದರೆ ನೋಟ್ ಕದಲುವುದಿಲ್ಲ. ಅದಕ್ಕೇ ಅವರು ನಿಮ್ಮ ಬೆನ್ನು ಹತ್ತುತ್ತಾರೆ.

ಎರಡು ಸಂಗತಿಗಳು ಇದರಿಂದಲೇ ಹೊರಡುತ್ತವೆ. ಒಂದು, ಸಂಖ್ಯೆ ಹೇಳುವುದಿಲ್ಲ ಎಂದು ಕೊನೆಯವರೆಗೂ ಹಟ ಹಿಡಿದರೆ ನಮ್ಮ ಊರಿನ ಗಾತ್ರದ ಕಂಪನಿಗಳಲ್ಲಿ ನಡೆಯದು. ಇನ್ನೊಂದು, ನೀವು ವಿವರವಾಗಿ ಹೇಳಿದ ಮಾತಿನಲ್ಲಿ ಕಾಲಂ ಒಳಗೆ ಉಳಿಯುವುದು ಒಂದೇ ಅಂಕಿ. “ಐದರಿಂದ ಆರು ಲಕ್ಷ” ಎಂದರೆ ನೋಟ್‌ನಲ್ಲಿ ಐದು ಎಂದೇ ಬರೆದಿರುತ್ತದೆ. ನಾನೂ ಹಾಗೇ ಬರೆಯುತ್ತಿದ್ದೆ.

ಅರಸೀಕೆರೆ ಕಡೆಯ ಒಬ್ಬ ಹುಡುಗ ನೆನಪಾಗುತ್ತಾನೆ. ಕೆಲಸದಲ್ಲಿ ಬಹಳ ಚುರುಕು. ಎಷ್ಟು ಬೇಕಪ್ಪಾ ಎಂದು ಕೇಳಿದೆ. “ನೀವೇ ನೋಡಿ ಹಾಕಿ ಸರ್” ಎಂದ. ವಿನಯದಿಂದ ಹೇಳಿದ ಮಾತು ಅದು, ಅವನ ಮನೆಯಲ್ಲಿ ಹಿರಿಯರ ಮುಂದೆ ದುಡ್ಡು ಕೇಳಿ ಗೊತ್ತಿರಲಿಲ್ಲ. ಆದರೆ ನೋಟ್‌ನಲ್ಲಿ ವಿನಯಕ್ಕೆ ಕಾಲಂ ಇಲ್ಲ. ಹಳೇ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಎಂದು ಫೈನಾನ್ಸ್‌ನವರು ಹಾಕಿದರು. ಅದೇ ತಿಂಗಳು ಅದೇ ಹುದ್ದೆಗೆ ಬಂದ ಇನ್ನೊಬ್ಬ, ಅಂಕಿ ಹೇಳಿದ್ದಕ್ಕೆ ಹೆಚ್ಚು ಪಡೆದ. ಆ ವ್ಯತ್ಯಾಸ ಪ್ರತಿ ವರ್ಷದ ಇನ್‌ಕ್ರಿಮೆಂಟ್ ಮೇಲೂ ಹಾಗೇ ಮುಂದುವರಿಯಿತು. ಅದು ಇವತ್ತಿಗೂ ನನ್ನ ಮನಸ್ಸಿಗೆ ಕೊರೆಯುತ್ತದೆ.

ಮೊದಲ ಹೆಜ್ಜೆ: ಹಿಂದೆ ಏನು ಬರೆದಿದ್ದೀರಿ, ನೋಡಿಕೊಳ್ಳಿ

ಉತ್ತರ ಹೇಳುವ ಮುಂಚೆ ಅರ್ಧ ದಿನ ಕೇಳಿಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ, ಈಗಾಗಲೇ ಎಲ್ಲಾದರೂ ಅಂಕಿ ಕೊಟ್ಟಿದ್ದೀರಾ ಎಂದು ನೋಡುವುದು. ಜಾಬ್ ಸೈಟ್‌ನ ಪ್ರೊಫೈಲ್‌ನಲ್ಲಿರಬಹುದು, ಮೊದಲ ಫೋನಿನಲ್ಲಿ ಹೇಳಿರಬಹುದು, ಇಂಟರ್‌ವ್ಯೂ ದಿನ ಸೆಕ್ಯುರಿಟಿ ಗೇಟಿನ ಹತ್ತಿರ ಕೊಟ್ಟ ಫಾರಂನಲ್ಲಿ ತುಂಬಿರಬಹುದು.

ಅಕ್ಕನ ಮಗಳು ಫಾರಂನಲ್ಲಿ ನಾಲ್ಕೂವರೆ ಲಕ್ಷ ಎಂದು ತುಂಬಿದ್ದಳು. ಅದನ್ನು ಮರೆತೇಬಿಟ್ಟಿದ್ದಳು. ಈಗ ಸುಮ್ಮನೆ ಹೆಚ್ಚು ಹೇಳಿದರೆ, ಆ ಕಡೆ ಫಾರಂ ಹಿಡಿದು ಕೂತವರಿಗೆ ಇವರು ಮಾತು ಬದಲಿಸುತ್ತಾರೆ ಅನಿಸುತ್ತದೆ. ಆದರೆ ಬದಲಿಸಲು ನ್ಯಾಯವಾದ ಕಾರಣ ಇದ್ದರೆ ಅದನ್ನು ತಾವಾಗೇ ಮೊದಲು ಹೇಳಬೇಕು. ಅವಳಿಗೆ ಕಾರಣ ಇತ್ತು. ಜಾಹೀರಾತಿನಲ್ಲಿ ಇದ್ದದ್ದು ಬಿಲ್ಲು, ವೋಚರು, ಬ್ಯಾಂಕ್ ತಾಳೆ ಅಷ್ಟೇ. ಇಂಟರ್‌ವ್ಯೂನಲ್ಲಿ ಗೊತ್ತಾದದ್ದು ಬೇರೆ: ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳನ್ನು ಅವಳೇ ಸಲ್ಲಿಸಬೇಕು, ಸ್ಟಾಕ್ ಆಡಿಟ್ ಬಂದಾಗ ಆಡಿಟರ್ ಜೊತೆ ಗೋಡೌನಿಗೆ ಅವಳೇ ಹೋಗಬೇಕು, ಇಬ್ಬರು ಜೂನಿಯರ್‌ಗಳ ಕೆಲಸ ನೋಡಬೇಕು. ಇಂಟರ್‌ವ್ಯೂ ಆದಮೇಲೆ ಕೇಳುವ ಪ್ರಶ್ನೆಗೂ, ಆಗುವ ಮುಂಚೆ ಕೇಳುವ ಪ್ರಶ್ನೆಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಈಗ ನಿಮಗೆ ಕೆಲಸ ಏನೆಂದು ಗೊತ್ತು. ಇಂಟರ್‌ವ್ಯೂನಲ್ಲಿ ಹೊಸದಾಗಿ ತಿಳಿದ ಎರಡು ಮೂರು ಜವಾಬ್ದಾರಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಕೈಗೆ ಬರುವ ದುಡ್ಡಿನಿಂದ ಮೇಲಕ್ಕೆ ಲೆಕ್ಕ ಹಾಕಿ

ಹೆಚ್ಚಿನವರು ತಪ್ಪುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ. ಕಂಪನಿ ಮಾತಾಡುವುದು ವರ್ಷದ ಸಿಟಿಸಿಯಲ್ಲಿ, ನಾವು ಬದುಕುವುದು ತಿಂಗಳ ಕೊನೆಗೆ ಖಾತೆಗೆ ಬೀಳುವ ದುಡ್ಡಿನಲ್ಲಿ. ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದರೊಳಗೆ ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ಕೆಲವೊಮ್ಮೆ ಇನ್ಶೂರೆನ್ಸ್ ಪ್ರೀಮಿಯಂ, ವೇರಿಯಬಲ್ ಪೇ ಎಲ್ಲ ಸೇರಿರುತ್ತದೆ. ಇವು ಯಾವುವೂ ತಿಂಗಳು ತಿಂಗಳು ಕೈಗೆ ಬರುವುದಿಲ್ಲ.

ಅವಳ ಹಳೇ ಪೇ ಸ್ಲಿಪ್ ತೆಗೆದೆವು. ಬೇಸಿಕ್ 15,000, ಎಲ್ಲ ಸೇರಿ ಗ್ರಾಸ್ 28,000. ಅದರಲ್ಲಿ ಬೇಸಿಕ್‌ನ ಶೇ. 12, ಅಂದರೆ 1,800 ಅವಳ ಪಾಲಿನ ಪಿಎಫ್ ಹೋಗುತ್ತದೆ. ಪ್ರೊಫೆಷನಲ್ ಟ್ಯಾಕ್ಸ್ 200. ಕೈಗೆ 26,000. ಕಂಪನಿಯ ಪಾಲಿನ ಪಿಎಫ್ 1,800, ಬೇಸಿಕ್‌ನ ಶೇ. 4.81ರಂತೆ ಗ್ರಾಚ್ಯುಟಿ 721 ಸೇರಿಸಿದರೆ ತಿಂಗಳಿಗೆ 30,521. ವರ್ಷದ ಸಿಟಿಸಿ 3.66 ಲಕ್ಷ. ಬೋನಸ್ಸನ್ನು ಬದಿಗಿಟ್ಟ ಲೆಕ್ಕ ಇದು.

ಈಗ ಹೊಸ ಕೆಲಸ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ 60 ಕಿ.ಮೀ. ಆಸುಪಾಸು. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ, ದಿನಾ ಓಡಾಡ್ತೀನಿ ಎಂದಳು. ಟಿಕೆಟ್ ಉಳಿದರೂ ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ ದಾರಿಯಲ್ಲೇ ಹೋಗುತ್ತದೆ. ತಿಂಗಳ 20ನೇ ತಾರೀಖು ರಾತ್ರಿ ಎಂಟಕ್ಕೆ ರಿಟರ್ನ್ ಮುಗಿಸಿ ಹೊರಟವಳು ಮನೆ ಸೇರುವುದು ಯಾವಾಗ? ಹಾಗಾಗಿ ಹಾಸನದಲ್ಲಿ ಪಿಜಿ ಎಂದೇ ಹಿಡಿದೆವು. ವಿಚಾರಿಸಿದ ಕಡೆ ಊಟ ಸೇರಿ 6,500 ಹೇಳಿದ್ದರು, ಮೇಲುಖರ್ಚಿಗೆ ಇನ್ನೊಂದು ಸಾವಿರ. ಮನೆಯಲ್ಲಿದ್ದಾಗ ಇದ್ಯಾವುದೂ ಇರಲಿಲ್ಲ. ಅಂದರೆ 33,500 ಕೈಗೆ ಬಂದರೆ ಅವಳು ಇದ್ದಲ್ಲೇ ಇದ್ದ ಹಾಗೆ. ಅಲ್ಲಿಂದ ಮೇಲೆ ಬಂದದ್ದಷ್ಟೇ ಹೆಚ್ಚಳ.

ಐದು ಸಾವಿರವಾದರೂ ಮಿಗಬೇಕು ಎಂದು 38,500ನ್ನು ಗುರಿಯಾಗಿ ಇಟ್ಟುಕೊಂಡಳು. 36,000ಕ್ಕಿಂತ ಕಡಿಮೆಯಾದರೆ ಹೋಗುವುದಿಲ್ಲ ಎಂದೂ ಆಗಲೇ ತೀರ್ಮಾನಿಸಿದಳು. ಈ ಕೆಳಗಿನ ಗೆರೆಯನ್ನು ಯಾರಿಗೂ ಹೇಳುವುದಲ್ಲ, ಆದರೆ ಫೋನಿಗೆ ಮುಂಚೆ ಎಳೆದಿರಬೇಕು. ಫೋನಿನಲ್ಲಿ ಮಾತಾಡುತ್ತಾ ಎಳೆಯಲು ಹೋದರೆ ಅದು ಜಾರುತ್ತಲೇ ಹೋಗುತ್ತದೆ.

38,500ಕ್ಕೆ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಸೇರಿಸಿದರೆ ಗ್ರಾಸ್ 40,500. ಬೇಸಿಕ್ ಅದರ ಅರ್ಧ, 20,250 ಎಂದು ಹಿಡಿದರೆ ಗ್ರಾಚ್ಯುಟಿ 974. ಕಂಪನಿಯ ಪಿಎಫ್ 1,800. ಒಟ್ಟು 43,274, ವರ್ಷಕ್ಕೆ 5.2 ಲಕ್ಷದ ಹತ್ತಿರ. ಇದೇ ರೀತಿ 36,000ಕ್ಕೆ ಹಾಕಿದರೆ 4.9 ಲಕ್ಷ ಬರುತ್ತದೆ. ಆದಾಯ ತೆರಿಗೆಯ ಚಿಂತೆ ಈ ಮಟ್ಟದಲ್ಲಿ ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

ಆ 5.2 ಲಕ್ಷದೊಳಗೆ ಏನಿದೆ

5.2 ಎಂದು ಹೇಳಿ ಫೋನ್ ಇಟ್ಟಿದ್ದರೆ ಏನಾಗಬಹುದಿತ್ತು ನೋಡಿ. ಕಂಪನಿ 5.2 ಲಕ್ಷವನ್ನೇ ಕೊಟ್ಟು, ಅದರಲ್ಲಿ ಶೇ. 10 ವೇರಿಯಬಲ್ ಎಂದರೆ 52,000 ವರ್ಷದ ಕೊನೆಗೆ, ಅದೂ ಕಂಪನಿಯ ಮತ್ತು ಅವಳ ರೇಟಿಂಗ್ ನೋಡಿಕೊಂಡು. ಉಳಿದ 4.68 ಲಕ್ಷವನ್ನು 12ಕ್ಕೆ ಹಂಚಿ, ಪಿಎಫ್ ಗ್ರಾಚ್ಯುಟಿ ಕಳೆದರೆ ಕೈಗೆ ಬರುವುದು 34,300ರ ಹತ್ತಿರ. ಕೇಳಿದ ಅಂಕಿಯೇ ಸಿಕ್ಕಿದೆ, ಆದರೆ ಕೆಳಗಿನ ಗೆರೆಗಿಂತಲೂ ಕೆಳಗೆ!

ಪಿಎಫ್‌ನದೂ ಹೀಗೇ. ಪಿಎಫ್‌ಗೆ ಕಾನೂನಿನ ವೇತನ ಮಿತಿ 15,000 ಎಂದು ಲೆಕ್ಕ ಹಿಡಿದು ಕೆಲವು ಕಂಪನಿಗಳು 1,800ಕ್ಕೇ ನಿಲ್ಲಿಸುತ್ತವೆ. ಕೆಲವು ಪೂರ್ತಿ ಬೇಸಿಕ್ ಮೇಲೆ ಶೇ. 12 ಹಿಡಿಯುತ್ತವೆ. 20,250 ಬೇಸಿಕ್ ಆದರೆ 2,430. ಕಂಪನಿಯ ಪಾಲೂ ಅಷ್ಟೇ ಹೆಚ್ಚಿ ಅದೂ ಸಿಟಿಸಿಯ ಒಳಗೇ ಬರುವುದರಿಂದ, ತಿಂಗಳಿಗೆ ಕೈಯಲ್ಲಿ 1,260 ಕಡಿಮೆಯಾಗುತ್ತದೆ. ಆ ದುಡ್ಡು ನಿಮ್ಮ ಖಾತೆಗೇ ಹೋಗುವುದರಿಂದ ನಷ್ಟ ಅಲ್ಲ, ಆದರೆ ಪಿಜಿ ಬಾಡಿಗೆಯನ್ನು ಅದರಲ್ಲಿ ಕಟ್ಟಲಾಗುವುದಿಲ್ಲ.

ಆದ್ದರಿಂದ ಅಂಕಿಯ ಪಕ್ಕದಲ್ಲಿ ಯಾವಾಗಲೂ “ಫಿಕ್ಸೆಡ್” ಎಂಬ ಪದ ಇರಬೇಕು. ನನ್ನ ಅನುಭವದಲ್ಲಿ ಅರ್ಧ ಲಕ್ಷ ಜಾಸ್ತಿ ಕೇಳಿದ್ದಕ್ಕಿಂತ ಈ ಒಂದು ಪದ ಹೇಳಿದ್ದರಿಂದ ಜನರಿಗೆ ಹೆಚ್ಚು ಉಪಕಾರವಾಗಿದೆ.

ಮೂರನೇ ಹೆಜ್ಜೆ: ಬಜೆಟ್ ಒಮ್ಮೆ ಕೇಳಿ, ಒಮ್ಮೆ ಮಾತ್ರ

ಫೋನ್ ಮಾಡಿದವರು ಕಂಪನಿಯ ಎಚ್‌ಆರ್ ಆಗಿದ್ದರೆ ಬಜೆಟ್ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕನ್ಸಲ್ಟೆನ್ಸಿಯವರು ಹೇಳುವ ಸಾಧ್ಯತೆ ಹೆಚ್ಚು. ಅವರ ಶುಲ್ಕವನ್ನು ಕಂಪನಿ ಕೊಡುತ್ತದೆ, ಅದು ನಿಮ್ಮ ವರ್ಷದ ಸಿಟಿಸಿಯ ಇಷ್ಟು ಭಾಗ ಎಂದಿರುತ್ತದೆ. ಶೇ. 8.33, ಅಂದರೆ ಒಂದು ತಿಂಗಳಿನಷ್ಟು, ರೂಢಿಯಲ್ಲಿರುವ ದರ. ನೀವು ಸೇರದಿದ್ದರೆ ಅವರಿಗೆ ಏನೂ ಇಲ್ಲ. ಹಾಗಾಗಿ ನಿಮ್ಮ ಅಂಕಿ ಬಜೆಟ್ ಒಳಗೆ ಕೂರಬೇಕು ಎಂಬುದೇ ಅವರ ಆಸೆ. ಅವರೇನು ನಿಮ್ಮ ಶತ್ರುಗಳಲ್ಲ, ಆದರೆ ನಿಮ್ಮ ಪರ ವಕೀಲರೂ ಅಲ್ಲ.

ಸಂಜೆ ಅವಳು ಮಾತಾಡಿದ್ದು ಹೀಗೆ:

“ಸರ್, ಇಂಟರ್‌ವ್ಯೂನಲ್ಲಿ ಕೆಲಸ ಪೂರ್ತಿ ಅರ್ಥ ಆಯ್ತು, ನನಗೆ ಇಷ್ಟ ಆಗಿದೆ. ಈ ಪೊಸಿಷನ್‌ಗೆ ಅವರು ಎಷ್ಟರ ಬಜೆಟ್ ಇಟ್ಕೊಂಡಿದಾರೆ ಅಂತ ತಿಳಿದ್ರೆ ನಾನು ಸರಿಯಾಗಿ ಹೇಳಬಹುದು.”

“ಐದರ ತನಕ ಅಂದಿದಾರೆ ಮೇಡಂ. ನಿಮ್ಮದು ಹೇಳಿ.”

ಅವರು “ಅದು ಕಂಪನಿ ಪಾಲಿಸಿ, ಹೇಳೋಕಾಗಲ್ಲ, ನೀವೇ ಹೇಳಿ” ಎಂದಿದ್ದರೂ ಅವಳು ಮುಂದೆ ತನ್ನ ಅಂಕಿಯನ್ನು ಹೇಳಬೇಕಿತ್ತು. ಎರಡನೇ ಸಲ ತಿರುಗಿ ಕೇಳಿದರೆ ಮಾತು ಬಿಗಿಯಾಗುತ್ತದೆ, ಪ್ರಯೋಜನವೂ ಇಲ್ಲ. ಬಜೆಟ್ ಹೇಳಿದರೆಂದು ಅದೇ ಕೊನೆ ಎಂದೂ ತಿಳಿಯಬೇಡಿ. ಇಂಟರ್‌ವ್ಯೂ ಮಾಡಿದವರಿಗೆ ನೀವೇ ಬೇಕು ಅನಿಸಿದ್ದರೆ ಪ್ಲಾಂಟ್ ಹೆಡ್ ಸಹಿಯಲ್ಲಿ ಬಜೆಟ್ ಮೇಲೆ ಸ್ವಲ್ಪ ಹೋಗುವುದು ಉಂಟು. ಆದರೆ ಐದರ ಬಜೆಟ್ ಎಂಟಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ಅಂಕಿ, ಕಾರಣ, ಷರತ್ತು

ಉತ್ತರದಲ್ಲಿ ಈ ಮೂರೂ ಇದೇ ಕ್ರಮದಲ್ಲಿ ಬರಲಿ. ಅಂಕಿ ಗುರಿಗಿಂತ ಸ್ವಲ್ಪ ಮೇಲಿರಲಿ, ಕಡಿತವಾದರೂ ಗುರಿಯ ಹತ್ತಿರ ನಿಲ್ಲುವಷ್ಟು. ಅವಳ ಗುರಿ 5.2, ಹೇಳಿದ್ದು 5.5.

“ಸರ್, ನನ್ನ ಎಕ್ಸ್‌ಪೆಕ್ಟೇಶನ್ ವರ್ಷಕ್ಕೆ ಐದೂವರೆ ಲಕ್ಷ, ಫಿಕ್ಸೆಡ್. ವೇರಿಯಬಲ್ ಇದ್ದರೆ ಅದು ಇದರ ಮೇಲೆ. ಫಾರಂನಲ್ಲಿ ನಾಲ್ಕೂವರೆ ಅಂತ ಬರೆದಿದ್ದೆ, ಅದು ಕೆಲಸ ತಿಳಿಯೋ ಮುಂಚೆ ಬರೆದದ್ದು. ಈಗ ಜಿಎಸ್‌ಟಿ ರಿಟರ್ನ್ಸ್, ಸ್ಟಾಕ್ ಆಡಿಟ್, ಇಬ್ಬರು ಜೂನಿಯರ್ಸ್ ಎಲ್ಲಾ ನನ್ನ ಮೇಲೆ ಬರುತ್ತೆ ಅಂತ ಮ್ಯಾನೇಜರ್ ಹೇಳಿದ್ರು. ಊರು ಬಿಟ್ಟು ಹಾಸನಕ್ಕೂ ಬರಬೇಕು. ಪೂರ್ತಿ ಬ್ರೇಕಪ್ ನೋಡಿದ ಮೇಲೆ ಅಂಕಿ ಬಗ್ಗೆ ಮಾತಾಡೋಕೆ ನಾನು ತಯಾರಿದೀನಿ.”

ಇಷ್ಟು ಹೇಳಿ ಸುಮ್ಮನಾದಳು. ಸುಮ್ಮನಾಗುವುದು ನಮ್ಮವರಿಗೆ ಕಷ್ಟ. ಆ ಕಡೆ ಮೌನವಾದ ತಕ್ಷಣ “ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯತ್ತೆ ಸರ್” ಎಂದು ನಾವೇ ಇಳಿದುಬಿಡುತ್ತೇವೆ. ಬಹಳಷ್ಟು ಸಲ ಆ ಕಡೆಯವರು ಬರೆದುಕೊಳ್ಳುತ್ತಿರುತ್ತಾರೆ, ಅಷ್ಟೇ.

ಗಮನಿಸಿ, ಮೊದಲು ಬಂದ ಕಾರಣ ಕೆಲಸದ್ದು, ಪಿಜಿಯ ಖರ್ಚು ಎರಡನೆಯದು. ನೋಟ್ ಓದುವ ಫೈನಾನ್ಸ್‌ನವರಿಗೆ ನಿಮ್ಮ ಮನೆಬಾಡಿಗೆ, ತಮ್ಮನ ಕಾಲೇಜು ಫೀಸು ಕಾರಣವಾಗುವುದಿಲ್ಲ, ಅವು ನಿಮ್ಮ ಲೆಕ್ಕದ ಹಾಳೆಯಲ್ಲಿ ಇರಬೇಕಾದವು. ಇನ್ನೊಬ್ಬರು ಆಫರ್ ಕೊಟ್ಟಿದ್ದಾರೆ ಎಂದು ಇಲ್ಲದ್ದನ್ನು ಹೇಳಲೂ ಹೋಗಬೇಡಿ. “ಆ ಲೆಟರ್ ಕಳಿಸಿ, ನಾವೂ ಅದಕ್ಕೆ ಮ್ಯಾಚ್ ಮಾಡ್ತೀವಿ” ಎಂದರೆ ಮಾತು ಅಲ್ಲಿಗೇ ಮುರಿಯಿತು.

“ಈಗ ಎಷ್ಟು ತಗೊಳ್ತಿದೀರಿ? ಪಾಲಿಸಿ ಪ್ರಕಾರ ಶೇ. 30 ಮಾತ್ರ”

ಈ ಮಾತು ಬಂದೇ ಬರುತ್ತದೆ. ಅವಳಿಗೂ ಬಂತು. 3.66ರ ಮೇಲೆ ಶೇ. 30 ಎಂದರೆ 4.76 ಲಕ್ಷ, ಅವಳ ಕೆಳಗಿನ ಗೆರೆಯಾದ 4.9ನ್ನೂ ಮುಟ್ಟುವುದಿಲ್ಲ.

ಈಗಿನ ಸಂಬಳವನ್ನು ಏರಿಸಿ ಹೇಳಬೇಡಿ. ಆಫರ್‌ಗೆ ಮುಂಚೆ ಮೂರು ತಿಂಗಳ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಫಾರಂ 16 ಕೇಳುವವರೂ ಇದ್ದಾರೆ. ಸುಳ್ಳು ಅಲ್ಲೇ ಹೊರಬೀಳುತ್ತದೆ, ಹೊರಬಿದ್ದರೆ ಬರುತ್ತಿದ್ದ ಆಫರ್ ಕೂಡ ನಿಲ್ಲುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅದನ್ನು ಹೊಸ ಅಂಕಿಯಿಂದ ಬೇರ್ಪಡಿಸಬೇಕು:

“ಈಗ 3.66 ಸರ್, ಪೇ ಸ್ಲಿಪ್ ಕಳಿಸ್ತೀನಿ. ಆದರೆ ಅಲ್ಲಿ ನಾನು ವೋಚರ್ ಎಂಟ್ರಿ ಮಾತ್ರ ನೋಡ್ತೀನಿ, ರಿಟರ್ನ್ಸ್ ಹೊರಗಿನ ಆಡಿಟರ್ ಮಾಡ್ತಾರೆ. ಇಲ್ಲಿ ಕೆಲಸವೇ ಬೇರೆ. ಹಳೇದರ ಮೇಲೆ ಪರ್ಸೆಂಟ್ ಬದಲು ಈ ಕೆಲಸಕ್ಕೆ ಎಷ್ಟು ಅಂತ ನೋಡಿ ಅಂತ ಕೇಳ್ಕೊಳ್ತೀನಿ.”

ಇದಕ್ಕೆ ಎಲ್ಲರೂ ಒಪ್ಪುತ್ತಾರೆಂದಲ್ಲ. ಶೇಕಡಾವಾರು ಮಿತಿಯನ್ನು ನಿಜವಾಗಿ ಬಿಗಿಯಾಗಿ ಇಟ್ಟುಕೊಂಡ ಕಂಪನಿಗಳಿವೆ, ಅಲ್ಲಿ ಮಾತು ನಡೆಯದು. ಹಾಗಿದ್ದರೆ ಈ ಹಂತದಲ್ಲೇ ಗೊತ್ತಾಗುವುದು ಒಳ್ಳೆಯದು.

ಐದನೇ ಹೆಜ್ಜೆ: ಅದೇ ಸಂಜೆ ಬರಹದಲ್ಲಿ ಕಳಿಸಿ

ಫೋನಿನ ಮಾತು ಕನ್ಸಲ್ಟೆನ್ಸಿಯಿಂದ ಎಚ್‌ಆರ್‌ಗೆ, ಎಚ್‌ಆರ್‌ನಿಂದ ಫೈನಾನ್ಸ್‌ಗೆ ಹೋಗುವಷ್ಟರಲ್ಲಿ “ಫಿಕ್ಸೆಡ್” ಪದ ಉದುರಿರುತ್ತದೆ. ಅದಕ್ಕೇ ಒಂದು ಮೇಲ್ ಬೇಕು, ಅವರು ಅದನ್ನೇ ಫಾರ್ವರ್ಡ್ ಮಾಡುತ್ತಾರೆ. ನಿಮ್ಮ ಕಂಪನಿಯ ರೂಢಿಯ ಭಾಷೆಯಲ್ಲಿ ಬರೆಯಿರಿ, ಒಳಗಿನ ವಿಷಯ ಇಷ್ಟೇ ಇರಲಿ:

“ಸರ್, ಇವತ್ತು ಫೋನಿನಲ್ಲಿ ಮಾತಾಡಿದಂತೆ ಸೀನಿಯರ್ ಅಕೌಂಟ್ಸ್ ಹುದ್ದೆಗೆ ನನ್ನ ನಿರೀಕ್ಷೆ ವರ್ಷಕ್ಕೆ 5.5 ಲಕ್ಷ ಫಿಕ್ಸೆಡ್ ಸಿಟಿಸಿ, ವೇರಿಯಬಲ್ ಹೊರತುಪಡಿಸಿ. ಇಂಟರ್‌ವ್ಯೂನಲ್ಲಿ ವಿವರಿಸಿದ ಜಿಎಸ್‌ಟಿ ರಿಟರ್ನ್ಸ್, ಸ್ಟಾಕ್ ಆಡಿಟ್ ಮತ್ತು ತಂಡದ ಜವಾಬ್ದಾರಿಯನ್ನು ಗಮನದಲ್ಲಿಟ್ಟು ಹೇಳಿದ್ದೇನೆ. ಫಾರಂನಲ್ಲಿ ಬರೆದ ಅಂಕಿಯ ಬದಲು ಇದನ್ನು ಪರಿಗಣಿಸಿ. ಬೇಸಿಕ್, ಪಿಎಫ್, ವೇರಿಯಬಲ್ ವಿವರ ತಿಳಿಸಿದರೆ ಅಂತಿಮವಾಗಿ ಮಾತಾಡಬಹುದು. ನನ್ನ ನೋಟಿಸ್ ಅವಧಿ 30 ದಿನ.”

ಒಂದೇ ವಾಟ್ಸ್‌ಆ್ಯಪ್ ಮೆಸೇಜ್‌ಗೆ ನಿಲ್ಲಿಸಬೇಡಿ, ಅದು ಫೈಲಿನೊಳಗೆ ಸೇರುವುದಿಲ್ಲ.

ಅವರ ಉತ್ತರವನ್ನು ಹೇಗೆ ಓದುವುದು

ಹತ್ತು ನಿಮಿಷದಲ್ಲೇ “ಓಕೆ, ಡನ್” ಎಂದು ಬಂದರೆ ನೀವು ಕಡಿಮೆ ಕೇಳಿರುವ ಸಾಧ್ಯತೆ ಹೆಚ್ಚು. ಒಪ್ಪಿದ ಅಂಕಿಯನ್ನು ಆಮೇಲೆ ಏರಿಸಬೇಡಿ, ಬ್ರೇಕಪ್ ಮಾತ್ರ ಬಿಗಿಯಾಗಿ ನೋಡಿ. “ಸ್ವಲ್ಪ ಹೈ ಆಯ್ತು, ಕೇಳಿ ಹೇಳ್ತೀನಿ” ಎಂದು ನಾಲ್ಕೈದು ದಿನ ಹಿಡಿದರೆ ನೋಟ್ ಓಡಾಡುತ್ತಿದೆ ಎಂದರ್ಥ, ಗಾಬರಿಯಾಗಿ ನೀವೇ ಫೋನ್ ಮಾಡಿ ಇಳಿಸಬೇಡಿ. ಒಂದು ವಾರ ದಾಟಿದರೆ ಒಮ್ಮೆ ವಿಚಾರಿಸಿ, ಅಂಕಿಯ ಮಾತೆತ್ತದೆ. ಇನ್ನು ಫೋನಿನಲ್ಲಿ ಎಷ್ಟೇ ಖಚಿತವಾಗಿ ಹೇಳಿದರೂ ಸಹಿಯಾದ ಆಫರ್ ಲೆಟರ್ ಕೈಗೆ ಬರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಅವಳಿಗೆ ಆರನೇ ದಿನ ಫೋನ್ ಬಂತು. 5.3 ಲಕ್ಷ, ಅದರಲ್ಲಿ 20,000 ವೇರಿಯಬಲ್. ಅಂದರೆ ಫಿಕ್ಸೆಡ್ 5.1. ಅವಳು ಹಾಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಪಿಎಫ್ 1,800ಕ್ಕೆ ನಿಲ್ಲಿಸ್ತಾರಾ, ಪೂರ್ತಿ ಬೇಸಿಕ್ ಮೇಲಾ ಸರ್?” ಎಂದು ಕೇಳಿದಳು. 1,800 ಎಂದರು. ಇನ್ಶೂರೆನ್ಸ್ ಪ್ರೀಮಿಯಂ ಸಿಟಿಸಿ ಒಳಗಾ ಹೊರಗಾ ಎಂದು ಕೇಳಿದಳು. ಹೊರಗೆ ಎಂದರು. ಫೋನ್ ಇಟ್ಟು ಲೆಕ್ಕ ಹಾಕಿದರೆ ಕೈಗೆ 37,700ರ ಮೇಲೆ. ಗುರಿಗೆ ಎಂಟುನೂರು ಕಡಿಮೆ, ಗೆರೆಗಿಂತ ಸಾವಿರದ ಏಳುನೂರು ಮೇಲೆ. ಬ್ರೇಕಪ್ ಶೀಟನ್ನು ಮೇಲ್‌ನಲ್ಲಿ ಕಳಿಸಿ ಎಂದು ಕೇಳಿದಳು. ಮರುದಿನ ಬಂದ ಶೀಟಿನ ಪಿಎಫ್ ಸಾಲಿನಲ್ಲಿ 1,800 ಎಂದೇ ಇರುವುದನ್ನು ಬೆರಳಿಟ್ಟು ನೋಡಿಕೊಂಡ ಮೇಲೆ ಒಪ್ಪಿಗೆ ಬರೆದಳು.